ಮಾತು ಬಿಟ್ಟ ಇಬ್ಬರ ನಡುವೆ

ಒಂದೇ ತಂಡದ ಇಬ್ಬರು ಮಾತು ಬಿಟ್ಟ ಮಾತ್ರಕ್ಕೆ ಕೆಲಸ ನಿಂತುಹೋಗುವುದಿಲ್ಲ, ಸುತ್ತುದಾರಿ ಹಿಡಿಯುತ್ತದೆ. ಒಬ್ಬರು ಹೇಳಬೇಕಾದ್ದನ್ನು ಹೆಲ್ಪರ್ ಹುಡುಗನ ಬಾಯಲ್ಲಿ ಹೇಳಿಸುತ್ತಾರೆ, ಇನ್ನೊಬ್ಬರು ಉತ್ತರವನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಎರಡು ನಿಮಿಷದ ಮಾತಿನಲ್ಲಿ ಮುಗಿಯಬಹುದಾದ ವಿಷಯ ನಾಲ್ಕು ಇಮೇಲ್ ಆಗುತ್ತದೆ, ಒಂದೊಂದರ ಪ್ರತಿಯೂ ಮೇಲಧಿಕಾರಿಗೆ ಹೋಗುತ್ತದೆ. ಉಳಿದವರು ಇದಕ್ಕೆ ಒಗ್ಗಿಕೊಂಡುಬಿಡುತ್ತಾರೆ. ಈ ಇಬ್ಬರನ್ನು ಒಂದೇ ಪಾಳಿಗೆ ಹಾಕಬಾರದು, ಒಂದೇ ಸಭೆಗೆ ಕರೆಯಬಾರದು ಎಂಬುದು ಯಾರೂ ಬರೆಯದ ನಿಯಮವಾಗುತ್ತದೆ. ಜಗಳದ ಆಯುಷ್ಯ ಬೆಳೆಯುವುದು ಇಂಥ ಒಗ್ಗಿಕೊಳ್ಳುವಿಕೆಯಿಂದಲೇ. ಮಾಲು ತಡವಾದದ್ದು, ಒಂದೇ ಕೆಲಸ ಎರಡು ಸಲ ಆದದ್ದು, ಮೂರನೆಯವರೊಬ್ಬರು ಬೇಸತ್ತು ಕೆಲಸ ಬಿಟ್ಟದ್ದು ಎಲ್ಲವೂ ಬೇರೆ ಬೇರೆ ಖಾತೆಗೆ ಬರೆಯಲ್ಪಡುತ್ತವೆ. ಜಗಳದ ಖಾತೆಗೆ ಮಾತ್ರ ಬೀಳುವುದಿಲ್ಲ.

ಇಂಥ ಮುನಿಸಿಗೆ ಕಚೇರಿಗಳಲ್ಲಿ ಸಾಮಾನ್ಯವಾಗಿ ಎರಡು ಮದ್ದುಗಳಿವೆ. ಇಬ್ಬರನ್ನೂ ಛೇಂಬರಿಗೆ ಕರೆದು ಗದರಿಸಿ, ಕೈ ಕುಲುಕಿಸಿ ಕಳಿಸುವುದು ಒಂದು. ತಂಡವನ್ನೆಲ್ಲ ಪ್ರವಾಸಕ್ಕೋ ಊಟಕ್ಕೋ ಕರೆದೊಯ್ದು, ಒಟ್ಟಿಗೆ ಕುಳಿತರೆ ಸರಿಹೋಗುತ್ತಾರೆ ಎಂದು ನಂಬುವುದು ಇನ್ನೊಂದು. ಎರಡನೆಯದರ ಬಗ್ಗೆ ಹಳೆಯ ಪ್ರಯೋಗವೊಂದಿದೆ. 1954ರ ಬೇಸಗೆಯಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಮನೋವಿಜ್ಞಾನಿ ಮುಜಫರ್ ಶೆರಿಫ್ ಹುಡುಗರ ಎರಡು ಗುಂಪುಗಳನ್ನು ಒಂದು ಶಿಬಿರದಲ್ಲಿಟ್ಟು, ಸ್ಪರ್ಧೆಗಳ ಮೂಲಕ ಅವರ ನಡುವೆ ಹಗೆ ಬೆಳೆಯುವಂತೆ ಮಾಡಿದರು. ಬಳಿಕ ಎರಡೂ ಗುಂಪುಗಳನ್ನು ಊಟಕ್ಕೆ, ಸಿನಿಮಾಕ್ಕೆ ಒಟ್ಟಿಗೆ ಕೂರಿಸಿದರೆ ಹುಡುಗರು ಊಟವನ್ನೇ ಒಬ್ಬರ ಮೇಲೊಬ್ಬರು ಎರಚಿದರು. ಶಿಬಿರದ ನೀರು ನಿಂತುಹೋಗಿ, ಎಲ್ಲರೂ ಸೇರಿ ಸರಿಪಡಿಸದೆ ಗತಿಯಿಲ್ಲ ಎಂಬಂಥ ಸಂದರ್ಭಗಳನ್ನು ಒಂದರ ಮೇಲೊಂದು ಒಡ್ಡಿದಾಗ ಹಗೆ ಇಳಿಯಿತು. ಅದು ಗುಂಪುಗಳ ಪ್ರಯೋಗ, ಇಬ್ಬರ ಜಗಳದ್ದಲ್ಲ ನಿಜ. ಆದರೂ ಬರಿಯ ಸಾಮೀಪ್ಯದಿಂದ ಏನೂ ಆಗದು, ಕೆಲಸದ ಏರ್ಪಾಡು ಬದಲಾದರೆ ಆದೀತು ಎಂಬ ಅಂಶ ಇಲ್ಲಿಗೂ ಹೊಂದುತ್ತದೆ.

ಮಧ್ಯಸ್ಥಿಕೆ ಈ ಎರಡಕ್ಕಿಂತ ಬೇರೆ. ಪಂಚಾಯಿತಿಯಂತೆ ಅದು ಯಾರದು ತಪ್ಪು ಎಂದು ತೀರ್ಪು ಕೊಡುವುದಿಲ್ಲ. ಇಬ್ಬರನ್ನು ಸ್ನೇಹಿತರನ್ನಾಗಿ ಮಾಡುವುದೂ ಅದರ ಗುರಿಯಲ್ಲ. ಇಬ್ಬರ ಕೆಲಸ ಎಲ್ಲೆಲ್ಲಿ ಒಂದಕ್ಕೊಂದು ತಾಗುತ್ತದೆಯೋ ಅಲ್ಲೆಲ್ಲ ಹೇಗೆ ನಡೆದುಕೊಳ್ಳಬೇಕೆಂದು ಅವರಿಬ್ಬರೇ ಒಪ್ಪಿಕೊಳ್ಳುವಂತೆ ಮಾಡುವುದಷ್ಟೇ ಅದರ ಕೆಲಸ. ಗುರಿ ಇಷ್ಟು ಚಿಕ್ಕದಾಗಿರುವುದರಿಂದಲೇ ಅದು ಕೈಗೂಡುತ್ತದೆ.

ಎಲ್ಲಿ ನಿಂತಿದೆ ಜಗಳ?

ಆಸ್ಟ್ರಿಯಾದ ಫ್ರೆಡರಿಕ್ ಗ್ಲಾಸ್ಲ್ ಸಂಘರ್ಷವನ್ನು ಒಂಬತ್ತು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಈ ಮೆಟ್ಟಿಲುಗಳು ಕೆಳಕ್ಕೆ ಇಳಿಯುತ್ತವೆ. ಮೊದಲು ಅಭಿಪ್ರಾಯಗಳು ಗಟ್ಟಿಯಾಗುತ್ತವೆ, ಆಮೇಲೆ ವಾದ ಜೋರಾಗುತ್ತದೆ, ಮೂರನೆಯದರಲ್ಲಿ ಮಾತು ನಿಂತು ಕೃತಿ ಶುರುವಾಗುತ್ತದೆ: ಹೇಳದೆ ಕೇಳದೆ ತನಗೆ ಸರಿಕಂಡಂತೆ ಮಾಡುವುದು. ನಾಲ್ಕನೆಯದರಲ್ಲಿ ಇಬ್ಬರೂ ತಮ್ಮ ತಮ್ಮ ಕಡೆಗೆ ಜನ ಕೂಡಿಸುತ್ತಾರೆ. ಐದನೆಯದರಲ್ಲಿ ಎದುರಿನವರ ಮಾನ ಕಳೆಯುವ ಪ್ರಯತ್ನ. ಅಲ್ಲಿಂದ ಮುಂದೆ ಬೆದರಿಕೆ, ಹಾನಿ, ಕೊನೆಗೆ ತಾನು ಮುಳುಗಿದರೂ ಸರಿ ಅವನೂ ಮುಳುಗಲಿ ಎಂಬ ಹಟ. ಮೊದಲ ಮೂರರಲ್ಲಿ ಇಬ್ಬರಿಗೂ ಒಪ್ಪುವ ದಾರಿ ಇನ್ನೂ ತೆರೆದಿರುತ್ತದೆ. ನಡುವಿನ ಮೂರರಲ್ಲಿ ಹೊರಗಿನವರ ನೆರವು ಬೇಕೇ ಬೇಕು. ಕೊನೆಯ ಮೂರರಲ್ಲಿ ಸಂಧಾನಕ್ಕಿಂತ ಅಧಿಕಾರ ಬಳಸಿ ತಡೆಯುವುದೇ ಉಳಿಯುವುದು.

ಜಗಳ ಯಾವ ಮೆಟ್ಟಿಲಿನಲ್ಲಿದೆ ಎಂದು ತಿಳಿಯಲು ಆ ಇಬ್ಬರಿಗಿಂತ ಸುತ್ತಲಿನವರನ್ನು ನೋಡುವುದು ಲೇಸು. ಕ್ಯಾಂಟೀನಿನಲ್ಲಿ ಯಾರು ಯಾರ ಮೇಜಿಗೆ ಕೂರುತ್ತಾರೆ ಎಂಬುದು ಬದಲಾಗಿದ್ದರೆ ನಾಲ್ಕನೆಯದನ್ನು ಮುಟ್ಟಿದೆ ಎಂದರ್ಥ. ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಈ ಜಗಳದ ಕಥೆ ತಿಳಿದಿದ್ದರೆ ಅದು ಇಬ್ಬರ ಸ್ವತ್ತಾಗಿ ಉಳಿದಿಲ್ಲ.

ಮಧ್ಯಸ್ಥಿಕೆಗೆ ತರಲೇಬಾರದ ವಿಷಯಗಳೂ ಇವೆ. ಹೊಡೆದಾಟ, ಹಣದ ಮೋಸ, ಜಾತಿ ಹಿಡಿದು ನಿಂದಿಸುವುದು ಇವು ತನಿಖೆಯ ವಿಷಯಗಳು, ‘ಇಬ್ಬರೂ ಸ್ವಲ್ಪ ಹೊಂದಿಕೊಂಡು ಹೋಗಿ’ ಎನ್ನುವುದಕ್ಕಲ್ಲ. ಲೈಂಗಿಕ ಕಿರುಕುಳದ ದೂರಾದರೆ 2013ರ ಕಾಯ್ದೆಯಂತೆ ಅದು ಸಮಿತಿಯ ಮುಂದೆ ಹೋಗಬೇಕು. ವಿಚಾರಣೆಗೆ ಮುನ್ನ ರಾಜಿಗೆ ಆ ಕಾಯ್ದೆಯಲ್ಲಿ ಅವಕಾಶವಿದೆಯಾದರೂ ನೊಂದ ಮಹಿಳೆ ತಾನಾಗಿ ಕೇಳಿದರೆ ಮಾತ್ರ, ಅದೂ ಹಣವನ್ನು ಆಧಾರವಾಗಿಟ್ಟುಕೊಂಡಲ್ಲ. ಒಬ್ಬರು ಇನ್ನೊಬ್ಬರನ್ನು ಬಹುಕಾಲದಿಂದ ಪೀಡಿಸುತ್ತಿರುವುದನ್ನು ‘ಇಬ್ಬರ ಜಗಳ’ ಎಂದು ಕರೆದು ಮೇಜಿನ ಎರಡು ಬದಿಗೆ ಕೂರಿಸಿದರೆ, ಆ ಕೂರಿಸುವುದೇ ಅನ್ಯಾಯ.

ಕಾಣದ ಮೂರನೆಯವರು

ಬಹುಕಾಲ ಬಾಳುವ ಜಗಳಗಳಲ್ಲಿ ಸಾಮಾನ್ಯವಾಗಿ ಮೂರನೆಯವರೊಬ್ಬರು ಇರುತ್ತಾರೆ: ಆ ಇಬ್ಬರಿಗೂ ಕೆಲಸ ಹಂಚಿಕೊಟ್ಟವರು. ವಿಜ್ಞಾನದ ಇತಿಹಾಸದಲ್ಲಿ ಇದಕ್ಕೆ ತುಂಬ ಹೆಸರಾದ ನಿದರ್ಶನ ಲಂಡನ್ನಿನ ಕಿಂಗ್ಸ್ ಕಾಲೇಜಿನದು.

ಅಲ್ಲಿನ ಜೀವಭೌತ ವಿಭಾಗದ ಮುಖ್ಯಸ್ಥ ಜಾನ್ ರ‍್ಯಾಂಡಲ್. ಅವರ ಕೈಕೆಳಗೆ ಎರಡನೆಯ ಸ್ಥಾನದಲ್ಲಿದ್ದವರು ಮಾರಿಸ್ ವಿಲ್ಕಿನ್ಸ್. 1950ರಲ್ಲಿ ವಿಲ್ಕಿನ್ಸ್ ಸಂಶೋಧನಾ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಜೊತೆ ಸೇರಿ ಡಿಎನ್‌ಎಯ ಎಕ್ಸ್-ರೇ ಚಿತ್ರಗಳನ್ನು ತೆಗೆಯಲು ತೊಡಗಿದ್ದರು. ಅದೇ ಡಿಸೆಂಬರಿನಲ್ಲಿ ರ‍್ಯಾಂಡಲ್ ಪ್ಯಾರಿಸಿನಲ್ಲಿದ್ದ ರೊಸಾಲಿಂಡ್ ಫ್ರಾಂಕ್ಲಿನ್ ಅವರಿಗೆ ಪತ್ರ ಬರೆದು, ಸದ್ಯಕ್ಕೆ ಎಕ್ಸ್-ರೇ ಪ್ರಯೋಗದ ಕೆಲಸ ಅವರೂ ಗಾಸ್ಲಿಂಗೂ ಇಬ್ಬರೇ ಮಾಡುವುದು ಎಂದು ತಿಳಿಸಿದರು. ಈ ಪತ್ರದ ವಿಷಯ ವಿಲ್ಕಿನ್ಸ್‌ಗೆ ಗೊತ್ತಿರಲಿಲ್ಲ. 1951ರ ಜನವರಿಯಲ್ಲಿ ಫ್ರಾಂಕ್ಲಿನ್ ಬಂದು ಸೇರಿದಾಗ ಅವರು ರಜೆಯಲ್ಲಿದ್ದರು. ಹಿಂದಿರುಗಿದ ವಿಲ್ಕಿನ್ಸ್ ಕಣ್ಣಿಗೆ ಫ್ರಾಂಕ್ಲಿನ್ ತಮ್ಮ ಕೆಲಸಕ್ಕೆ ನೆರವಾಗಲು ಬಂದ ತಜ್ಞೆ. ಫ್ರಾಂಕ್ಲಿನ್ ಕಣ್ಣಿಗೆ ವಿಲ್ಕಿನ್ಸ್ ತಮಗೆ ಒಪ್ಪಿಸಿದ ಕೆಲಸದಲ್ಲಿ ಕೈಹಾಕುವ ಹೊರಗಿನವರು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಒಬ್ಬರದು ಮೆಲುದನಿ, ವಾದವೆಂದರೆ ಮುಖ ತಿರುಗಿಸುವ ಸ್ವಭಾವ; ಇನ್ನೊಬ್ಬರದು ನೇರ, ಖಡಾಖಂಡಿತ ಮಾತು. ಹಾಗಾಗಿ ಎಲ್ಲರೂ ಇದನ್ನು ಸ್ವಭಾವದ ಜಗಳವೆಂದೇ ಬಗೆದರು.

ಜಗಳ ಅತಿಯಾದಾಗ, ಅದೇ ವರ್ಷದ ಕೊನೆಯ ಭಾಗದಲ್ಲಿ, ರ‍್ಯಾಂಡಲ್ ಕೆಲಸವನ್ನು ಪಾಲು ಮಾಡಿದರು. ಡಿಎನ್‌ಎಯ ಒಣ ರೂಪವಾದ ‘ಎ’ ಫ್ರಾಂಕ್ಲಿನ್‌ಗೆ, ತೇವದ ರೂಪವಾದ ‘ಬಿ’ ವಿಲ್ಕಿನ್ಸ್‌ಗೆ. ಸ್ವಿಟ್ಜರ್‌ಲೆಂಡಿನಿಂದ ಬಂದಿದ್ದ ಒಳ್ಳೆಯ ಮಾದರಿ ಫ್ರಾಂಕ್ಲಿನ್ ಪಾಲಿಗೆ ಹೋಯಿತು. ವಿಲ್ಕಿನ್ಸ್ ಪಾಲಿಗೆ ಬಂದ ಮಾದರಿ ಚೆನ್ನಾದ ಚಿತ್ರ ಕೊಡಲೇ ಇಲ್ಲ. ಸುರುಳಿಯ ಗುರುತು ನಿಚ್ಚಳವಾಗಿದ್ದದ್ದು ‘ಬಿ’ಯಲ್ಲಿ, ಆದರೆ ಅದರ ಅತ್ಯುತ್ತಮ ಚಿತ್ರ ಮೂಡಿದ್ದು 1952ರ ಮೇ ತಿಂಗಳಲ್ಲಿ ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರ ಕ್ಯಾಮೆರಾದಲ್ಲಿ. ಒಬ್ಬರ ಬಳಿ ಪುರಾವೆ, ಇನ್ನೊಬ್ಬರ ಬಳಿ ಪ್ರಶ್ನೆ, ನಡುವೆ ಮಾತಿಲ್ಲ. 1953ರ ಜನವರಿಯಲ್ಲಿ ವಿಲ್ಕಿನ್ಸ್ ಆ ಚಿತ್ರವನ್ನು ಕೇಂಬ್ರಿಜ್‌ನ ಜೇಮ್ಸ್ ವಾಟ್ಸನ್‌ಗೆ ತೋರಿಸಿದರು. ಮಾರ್ಚಿಯಲ್ಲಿ ಫ್ರಾಂಕ್ಲಿನ್ ಕಿಂಗ್ಸ್ ಬಿಟ್ಟು ಬರ್ಕ್‌ಬೆಕ್ ಕಾಲೇಜಿಗೆ ಹೋದರು. ರಚನೆಯನ್ನು ಬಿಡಿಸಿದ ಕೀರ್ತಿ ಕೇಂಬ್ರಿಜ್‌ಗೆ ಸಂದಿತು.

ರ‍್ಯಾಂಡಲ್ ಮಾಡಿದ್ದು ಪಾಲು, ಮಧ್ಯಸ್ಥಿಕೆಯಲ್ಲ. ‘ನಾನು ಬರೆದ ಪತ್ರವೊಂದಿದೆ, ಅದನ್ನು ನಿಮ್ಮಿಬ್ಬರಲ್ಲಿ ಒಬ್ಬರು ಮಾತ್ರ ಓದಿದ್ದೀರಿ’ ಎಂದು ಇಬ್ಬರನ್ನೂ ಕೂರಿಸಿ ಆರಂಭದಲ್ಲೇ ಹೇಳಿದ್ದರೆ ಸ್ವಭಾವಗಳು ಬದಲಾಗುತ್ತಿರಲಿಲ್ಲ. ಆದರೆ ಜಗಳಕ್ಕೆ ಬೇರು ಸಿಗುತ್ತಿರಲಿಲ್ಲ.

ಒಂದು ಪ್ರಸಂಗ

ಈಗ ಹತ್ತಿರದ್ದೊಂದು. ಹಲವು ಕಾರ್ಖಾನೆಗಳಲ್ಲಿ ನಡೆಯುವ ಸಂಗತಿಗಳನ್ನು ಕೂಡಿಸಿ ಕಟ್ಟಿದ ಮಾದರಿ ಪ್ರಸಂಗವಿದು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಯಂತ್ರಗಳಲ್ಲಿ ಬುಷ್‌ಗಳನ್ನು ಮಾಡುವ ಘಟಕ. ಪಾಳಿಯ ಸೂಪರ್‌ವೈಸರ್ ಆಪರೇಟರ್ ಆಗಿ ಸೇರಿ ಮೇಲೆ ಬಂದವರು, 20 ವರ್ಷದ ಅನುಭವ. ಕ್ವಾಲಿಟಿ ಇನ್ಸ್‌ಪೆಕ್ಟರ್ ಡಿಪ್ಲೊಮಾ ಮಾಡಿದ ಯುವಕ, ಸೇರಿ ನಾಲ್ಕು ವರ್ಷ. ಇಬ್ಬರ ಕೆಲಸ ತಾಗುವುದು ‘ಫಸ್ಟ್ ಪೀಸ್’ ಎಂಬಲ್ಲಿ. ಯಂತ್ರವನ್ನು ಹೊಸ ಜಾಬ್‌ಗೆ ಹೊಂದಿಸಿದ ಮೇಲೆ ಬರುವ ಮೊದಲ ತುಂಡನ್ನು ಇನ್ಸ್‌ಪೆಕ್ಟರ್ ಅಳೆದು ಸಹಿ ಹಾಕಬೇಕು, ಆಮೇಲಷ್ಟೇ ಉಳಿದ ತುಂಡುಗಳನ್ನು ಓಡಿಸಬೇಕು.

ಎಂಟು ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ಇನ್ಸ್‌ಪೆಕ್ಟರ್ ಬೇಕೆಂದೇ ಸಹಿ ತಡಮಾಡುತ್ತಾನೆ ಎಂದು ಸೂಪರ್‌ವೈಸರ್ ದೂರು. ಅವರು ಸಹಿಗೆ ಕಾಯದೆ ಯಂತ್ರ ಓಡಿಸುತ್ತಾರೆ ಎಂದು ಇನ್ಸ್‌ಪೆಕ್ಟರ್ ದೂರು. ಇಬ್ಬರೂ ಬೇರೆ ಪಾಳಿ ಕೇಳಿದ್ದಾರೆ.

ಇಲ್ಲಿ ಮಧ್ಯಸ್ಥರಾಗಿ ಬಂದವರು ಘಟಕದ ಎಚ್‌ಆರ್ ಅಧಿಕಾರಿ. ಅವರು ಇಬ್ಬರಲ್ಲಿ ಯಾರನ್ನೂ ಕರೆಯುವ ಮೊದಲು ರಿಜಿಸ್ಟರ್ ತರಿಸಿ ನೋಡಿದರು. ಮೊದಲ ತುಂಡು ಮೇಜಿಗೆ ಬಂದ ಹೊತ್ತು, ಸಹಿಯಾದ ಹೊತ್ತು ಎರಡೂ ಅದರಲ್ಲಿದ್ದವು. ಬೇರೆ ಪಾಳಿಗಳಲ್ಲಿ ಅದೇ ಇನ್ಸ್‌ಪೆಕ್ಟರ್‌ಗೆ ಸುಮಾರು 20 ನಿಮಿಷ ಹಿಡಿದರೆ, ಈ ಸೂಪರ್‌ವೈಸರ್ ಪಾಳಿಯಲ್ಲಿ 50 ನಿಮಿಷ. ಹಾಗೆಯೇ ಈ ಪಾಳಿಯ ಕೆಲವು ಜಾಬ್‌ಗಳಲ್ಲಿ ಸಹಿ ಬೀಳುವ ಹೊತ್ತಿಗೆ ಟ್ರೇಯಲ್ಲಿ ಆಗಲೇ 30-40 ತುಂಡುಗಳಿದ್ದವು. ಅಂದರೆ ಎರಡೂ ದೂರುಗಳು ನಿಜ. ಮಧ್ಯಸ್ಥರಿಗೆ ಇಂಥ ದಾಖಲೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಸುಳ್ಳು ಹೇಳುತ್ತಿರುವವರು ಯಾರು ಎಂಬ ವ್ಯರ್ಥ ಹುಡುಕಾಟ ತಪ್ಪುತ್ತದೆ.

ಮೊದಲು ಒಬ್ಬೊಬ್ಬರಾಗಿ

ಮಾತು ಬಿಟ್ಟವರನ್ನು ನೇರವಾಗಿ ಎದುರುಬದುರು ಕೂರಿಸುವುದು ಮಧ್ಯಸ್ಥಿಕೆಯಲ್ಲಿ ಆಗುವ ದೊಡ್ಡ ತಪ್ಪು. ಎಂಟು ತಿಂಗಳಿನಿಂದ ಕೂಡಿಟ್ಟ ಮಾತನ್ನು ಮೊದಲ ಸಲ ಹೊರಗೆ ಹಾಕುವಾಗ ಅದು ಬೈಗುಳದ ರೂಪದಲ್ಲೇ ಬರುತ್ತದೆ. ಅದನ್ನು ಕೇಳಿಸಿಕೊಳ್ಳಬೇಕಾದವರು ಮಧ್ಯಸ್ಥರು, ಎದುರಾಳಿಯಲ್ಲ. ಆದ್ದರಿಂದ ಮೊದಲು ಪ್ರತ್ಯೇಕ ಭೇಟಿ, ಒಬ್ಬೊಬ್ಬರಿಗೂ ಸುಮಾರು ಒಂದು ಗಂಟೆ. ಎರಡು ಭೇಟಿಗಳಿಗೂ ಒಂದೇ ಕೋಣೆ, ಒಂದೇ ಅವಧಿ, ಆದಷ್ಟು ಒಂದೇ ದಿನ. ಒಬ್ಬರಿಗೆ ಕಾಫಿ ತರಿಸಿ ಇನ್ನೊಬ್ಬರಿಗೆ ತರಿಸದಿದ್ದರೆ ಆ ಸುದ್ದಿ ಸಂಜೆಯೊಳಗೆ ಶಾಪ್ ಫ್ಲೋರ್ ತಲುಪಿರುತ್ತದೆ.

ಗುಟ್ಟಿನ ನಿಯಮವನ್ನು ಆರಂಭದಲ್ಲೇ ಹೇಳಬೇಕು. ಕರ್ನಾಟಕ ಹೈಕೋರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ತೆರೆದ ಮಧ್ಯಸ್ಥಿಕೆ ಕೇಂದ್ರದಂಥ ಕಡೆ ಕಕ್ಷಿದಾರರೊಂದಿಗೆ ಪ್ರತ್ಯೇಕವಾಗಿ ಮಾತಾಡುವಾಗ ಪಾಲಿಸುವ ಪದ್ಧತಿಯೇ ಇಲ್ಲಿಗೂ ಸಾಕು: ಇಲ್ಲಿ ಹೇಳಿದ್ದರಲ್ಲಿ ಯಾವುದನ್ನು ಆ ಕಡೆಗೆ ತಿಳಿಸಬಹುದೆಂದು ನೀವು ಒಪ್ಪುತ್ತೀರೋ ಅದಷ್ಟೇ ಹೋಗುತ್ತದೆ. ಕಾನೂನು ಮುರಿದ ಸಂಗತಿ, ಯಾರದಾದರೂ ಜೀವಕ್ಕೆ ಅಪಾಯವಾಗುವ ಸಂಗತಿ ಇದಕ್ಕೆ ಹೊರತು ಎಂಬುದನ್ನೂ ಆಗಲೇ ಹೇಳಿಬಿಡಬೇಕು.

ಕೇಳುವ ಪ್ರಶ್ನೆ ‘ಯಾಕೆ’ ಎಂದು ಶುರುವಾಗಬಾರದು. ‘ಯಾಕೆ ಮಾತಾಡೋದಿಲ್ಲ?’ ಎಂದರೆ ಸಮರ್ಥನೆ ಬರುತ್ತದೆ. ‘ಕೊನೆಯ ಸಲ ಇಬ್ಬರೂ ಸರಿಯಾಗಿ ಕೆಲಸ ಮಾಡಿದ್ದು ಯಾವಾಗ? ಆಮೇಲೆ ಏನಾಯಿತು?’ ಎಂದರೆ ಘಟನೆ ಬರುತ್ತದೆ. ಈ ಪ್ರಸಂಗದಲ್ಲಿ ಬಂದದ್ದೂ ಹಾಗೆಯೇ. ಎಂಟು ತಿಂಗಳ ಹಿಂದೆ 400 ಬುಷ್‌ಗಳ ಒಂದು ಲಾಟ್ ಗ್ರಾಹಕರಿಂದ ವಾಪಸ್ ಬಂದಿತ್ತು. ಒಳವ್ಯಾಸ ಕಡಿಮೆಯಾಗಿತ್ತು. ಮರುದಿನದ ಸಭೆಯಲ್ಲಿ ಮ್ಯಾನೇಜರ್ ‘ಇದನ್ನು ಪಾಸ್ ಮಾಡಿದ್ದು ಯಾರು?’ ಎಂದು ಕೇಳಿದ್ದರು. ಸೂಪರ್‌ವೈಸರ್ ಇನ್ಸ್‌ಪೆಕ್ಟರ್ ಹೆಸರು ಹೇಳಿದ್ದರು. ಅಂದು ಸಂಜೆಯೇ ಇನ್ಸ್‌ಪೆಕ್ಟರ್ ಕೈಗೆ ಮೆಮೊ ಬಂದಿತ್ತು.

ಇನ್ಸ್‌ಪೆಕ್ಟರ್ ಹೇಳಿದ್ದು: “ಟೂಲ್ ಸವೆದಿದೆ, ಬದಲಾಯಿಸಿ ಅಂತ ಆವತ್ತು ಬಾಯಲ್ಲಿ ಹೇಳಿದ್ದೆ ಮೇಡಂ. ಸಭೆಯಲ್ಲಿ ಅದನ್ನ ಹೇಳ್ಲೇ ಇಲ್ಲ ಅವರು. ಅದಾದ ಮೇಲೆ ಎಲ್ಲಾನೂ ಎರಡೆರಡು ಸಲ ಅಳೆದೇ ಸಹಿ ಹಾಕ್ತೀನಿ. ಆಪರೇಟರ್‌ಗಳ ಮುಂದೆ ‘ಏನೋ, ನಿನ್ನ ಗೇಜು ಇನ್ನೂ ಎದ್ದಿಲ್ವಾ’ ಅಂತಾರೆ.”

ಸೂಪರ್‌ವೈಸರ್ ಹೇಳಿದ್ದು: “ನಾನು ಯಾರನ್ನೂ ಸಿಕ್ಕಿಸ್ಲಿಲ್ಲ ಮೇಡಂ. ಯಾರು ಪಾಸ್ ಮಾಡಿದ್ದು ಅಂತ ಕೇಳಿದ್ರು, ಇದ್ದದ್ದು ಹೇಳ್ದೆ. ಮೆಮೊ ಕೊಟ್ಟಿದ್ದು ನಾನಾ? ಅದರ ಸೇಡು ನನ್ನ ಜಾಬ್ ಮೇಲೆ ತೀರಿಸ್ಕೊತಿದಾನೆ. ನನ್ನ ಹುಡುಗರ ಇನ್ಸೆಂಟಿವ್ ಹೋಗ್ತಿದೆ.”

1981ರಲ್ಲಿ ಹೊರಬಂದ ‘ಗೆಟಿಂಗ್ ಟು ಯೆಸ್’ ಪುಸ್ತಕದಲ್ಲಿ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಒಂದು ಭೇದವನ್ನು ಒತ್ತಿ ಹೇಳಿದರು: ಜನ ಬಾಯಲ್ಲಿ ಕೇಳುವುದು ಒಂದು, ಅವರಿಗೆ ನಿಜವಾಗಿ ಬೇಕಾಗಿರುವುದು ಇನ್ನೊಂದು. ಇಲ್ಲಿ ಇಬ್ಬರೂ ಕೇಳುತ್ತಿದ್ದುದು ಬೇರೆ ಪಾಳಿ. ಇನ್ಸ್‌ಪೆಕ್ಟರ್‌ಗೆ ಬೇಕಾದದ್ದು ತಾನು ಎಚ್ಚರಿಸಿದ್ದೆ ಎಂಬುದು ದಾಖಲಾಗುವುದು, ಮುಂದೆ ಒಂಟಿಯಾಗಿ ಸಿಕ್ಕಿಬೀಳದಿರುವುದು, ಹತ್ತು ಜನರ ಮುಂದೆ ಏಕವಚನ ನಿಲ್ಲುವುದು. ಸೂಪರ್‌ವೈಸರ್‌ಗೆ ಬೇಕಾದದ್ದು ಸಹಿ ಇಷ್ಟು ಹೊತ್ತಿನೊಳಗೆ ಬರುತ್ತದೆ ಎಂಬ ಭರವಸೆ, ತಾನು ಬೆನ್ನಿಗೆ ಚೂರಿ ಹಾಕುವವನಲ್ಲ ಎಂದು ಹೇಳಿಕೊಳ್ಳುವ ಒಂದು ಅವಕಾಶ. ಈ ಎರಡು ಪಟ್ಟಿಗಳಲ್ಲಿ ಒಂದಕ್ಕೊಂದು ಅಡ್ಡ ಬರುವಂಥದ್ದು ಒಂದೂ ಇಲ್ಲ. ಪಾಳಿ ಬದಲಾಯಿಸಿದರೆ ಇದರಲ್ಲಿ ಒಂದೂ ಸಿಗುವುದಿಲ್ಲ.

ಇನ್ನು ಮೂರನೆಯವರು. ಇನ್ಸ್‌ಪೆಕ್ಟರ್ ಕೆಲಸವನ್ನು ಗ್ರಾಹಕರ ದೂರುಗಳಿಂದ ತೂಗುತ್ತಿದ್ದರು, ಸೂಪರ್‌ವೈಸರ್ ಕೆಲಸವನ್ನು ತುಂಡುಗಳ ಲೆಕ್ಕದಿಂದ. ಮೊದಲ ತುಂಡಿಗೆ ಎಷ್ಟು ಹೊತ್ತು ತೆಗೆದುಕೊಳ್ಳಬಹುದು ಎಂದು ಎಲ್ಲೂ ಬರೆದಿರಲಿಲ್ಲ. ಮೆಮೊ ಕೊಡುವ ಮುನ್ನ ಯಾರೂ ಇನ್ಸ್‌ಪೆಕ್ಟರ್ ಮಾತು ಕೇಳಿರಲಿಲ್ಲ. ಜಾಣ ಮಧ್ಯಸ್ಥರು ಇಲ್ಲಿ ಮೂರನೆಯ ಪ್ರತ್ಯೇಕ ಭೇಟಿಯನ್ನು ಮ್ಯಾನೇಜರ್ ಜೊತೆ ಇಟ್ಟುಕೊಳ್ಳುತ್ತಾರೆ, ಅದೂ ಜಂಟಿ ಸಭೆಗೆ ಮುಂಚೆ. ಮೆಮೊವನ್ನು ಮರುಪರಿಶೀಲಿಸುವುದು, ಸಹಿಗೆ ಕಾಲಮಿತಿ ಗೊತ್ತುಮಾಡಿ ಆ ಹೊತ್ತನ್ನು ಪಾಳಿಯ ಗುರಿಯಿಂದ ಕಳೆಯುವುದು ಈ ಎರಡಕ್ಕೆ ಮ್ಯಾನೇಜರ್ ಒಪ್ಪದಿದ್ದರೆ ಜಂಟಿ ಸಭೆಯನ್ನು ಮುಂದಕ್ಕೆ ಹಾಕುವುದೇ ಒಳ್ಳೆಯದು. ಮೇಲಿನವರ ಪಾಲಿನ ತಪ್ಪನ್ನು ಮುಚ್ಚಿಟ್ಟು ಕೆಳಗಿನ ಇಬ್ಬರಿಗೆ ಮಾತ್ರ ಹೊಂದಾಣಿಕೆಯ ಪಾಠ ಹೇಳುವ ಸಭೆಯನ್ನು ಇಬ್ಬರೂ ಒಗ್ಗಟ್ಟಾಗಿಯೇ ತಿರಸ್ಕರಿಸುತ್ತಾರೆ. ಮ್ಯಾನೇಜರೇ ಮಧ್ಯಸ್ಥರಾಗಿದ್ದರಂತೂ ತಮ್ಮ ಪಾಲನ್ನು ಮೊದಲ ಮಾತಿನಲ್ಲೇ ಹೇಳಿಕೊಳ್ಳಬೇಕು, ಇಲ್ಲವೆ ಬೇರೆಯವರಿಗೆ ಬಿಟ್ಟುಕೊಡಬೇಕು.

ಎದುರುಬದುರು

ಜಂಟಿ ಸಭೆಗೆ ಒಂದೂವರೆ ಗಂಟೆ ಬೇಕು. ಪಾಳಿ ಮುಗಿದು ಮನೆಗೆ ಹೊರಡುವ ಹೊತ್ತಿನಲ್ಲಿ ಇಡಬಾರದು. ಕುರ್ಚಿಗಳು ಎದುರುಬದುರಾಗಿರುವುದಕ್ಕಿಂತ ಇಬ್ಬರೂ ಗೋಡೆಯ ಬೋರ್ಡನ್ನು ನೋಡುವಂತೆ ಓರೆಯಾಗಿದ್ದರೆ ಅನುಕೂಲ. ಮೊದಲಿಗೆ ಇಬ್ಬರೂ ಸುಮಾರು ಹತ್ತು ಹತ್ತು ನಿಮಿಷ ತಡೆಯಿಲ್ಲದೆ ಮಾತಾಡುತ್ತಾರೆ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಉತ್ತರ ಕೊಡುವಂತಿಲ್ಲ. ತಾನು ಕೇಳಿಸಿಕೊಂಡದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು, ‘ಹೌದು, ನಾನು ಹೇಳಿದ್ದು ಅದೇ’ ಎಂದು ಮೊದಲಿನವರು ಒಪ್ಪಬೇಕು. ಇದು ಮಕ್ಕಳಾಟದಂತೆ ಕಾಣುತ್ತದೆ, ಅನುಭವಸ್ಥರು ಮುಜುಗರಪಡುತ್ತಾರೆ. ಆದರೂ ಬಿಡಬಾರದು. ಎಂಟು ತಿಂಗಳಲ್ಲಿ ಒಬ್ಬರ ಮಾತು ಇನ್ನೊಬ್ಬರ ಬಾಯಿಂದ ನೆಟ್ಟಗೆ ಹೊರಬರುವುದು ಅದೇ ಮೊದಲು.

ನಂತರ ಆ 400 ಬುಷ್‌ಗಳ ದಿನವನ್ನು ಇಬ್ಬರೂ ಸೇರಿ ಬೋರ್ಡಿನ ಮೇಲೆ ಹೊತ್ತಿನ ಪ್ರಕಾರ ಬರೆಯುತ್ತಾರೆ: ಯಾರು ಯಾವಾಗ ಏನು ಮಾಡಿದರು, ಯಾರಿಗೆ ಆಗ ಏನು ಗೊತ್ತಿತ್ತು. ಈ ಪ್ರಸಂಗದಲ್ಲಿ ತಿರುವು ಬಂದದ್ದು ಇಲ್ಲಿ. ಟೂಲ್ ಸವೆದಿದೆ ಎಂಬ ಮಾತು ಸೂಪರ್‌ವೈಸರ್ ಕಿವಿಗೆ ಬಿದ್ದೇ ಇರಲಿಲ್ಲ. ಇನ್ಸ್‌ಪೆಕ್ಟರ್ ಹೇಳಿದ್ದು ಯಂತ್ರದ ಆಪರೇಟರ್‌ಗೆ. ಅಷ್ಟರಲ್ಲಿ ಪಾಳಿ ಬದಲಾಗಿ ಮಾತು ಅಲ್ಲೇ ಉಳಿದಿತ್ತು. ಎಲ್ಲ ಜಗಳಗಳಲ್ಲೂ ಇಂಥ ಕಾಣೆಯಾದ ಕೊಂಡಿ ಸಿಗುತ್ತದೆ ಎಂದಲ್ಲ. ಕೆಲವು ಕಡೆ ಒಬ್ಬರು ನಿಜಕ್ಕೂ ತಪ್ಪು ಮಾಡಿರುತ್ತಾರೆ. ಆಗ ಮಧ್ಯಸ್ಥರು ತಪ್ಪನ್ನು ಸಮವಾಗಿ ಹಂಚಿ ನ್ಯಾಯವಂತರಾಗಲು ಹೋಗಬಾರದು. ಎರಡು ಕಡೆಯವರೂ ಐವತ್ತು ಐವತ್ತು ಎನ್ನುವುದು ಕೇಳಲು ಹಿತ, ಆದರೆ ಹತ್ತರಷ್ಟು ತಪ್ಪು ಮಾಡಿದವರಿಗೆ ಅದು ಎಂದೂ ಮರೆಯದ ಗಾಯ.

ಕ್ಷಮೆಯನ್ನು ಕೇಳಿಸಬಾರದು. ತಾನಾಗಿ ಬಂದರೆ ಸರಿ. ‘ಸಾರಿ ಹೇಳಿ ಮುಗಿಸಿಬಿಡಿ’ ಎಂದು ಒತ್ತಾಯಿಸಿ ಹೊರಡಿಸಿದ ಕ್ಷಮೆ ಬಾಗಿಲಾಚೆ ಹೊಸ ಅವಮಾನವಾಗುತ್ತದೆ. ಅದಕ್ಕಿಂತ ಮುಂದಿನ ಪ್ರಶ್ನೆಗೆ ಹೋಗುವುದು ಲಾಭ: ನಾಳೆ ಬೆಳಿಗ್ಗೆ ಫಸ್ಟ್ ಪೀಸ್ ಬಂದಾಗ ಏನಾಗಬೇಕು?

ಒಪ್ಪಂದ ಒಂದು ಪುಟ ಮೀರಬಾರದು, ಅದರಲ್ಲಿರುವುದೆಲ್ಲ ಮೂರನೆಯವರೊಬ್ಬರು ನಿಂತು ನೋಡಿದರೆ ಹೌದು ಅಥವಾ ಇಲ್ಲ ಎನ್ನಬಹುದಾದಂಥದ್ದಾಗಿರಬೇಕು. ‘ಪರಸ್ಪರ ಗೌರವದಿಂದ ವರ್ತಿಸುತ್ತೇವೆ’ ಎಂದು ಬರೆದರೆ ಪ್ರಯೋಜನವಿಲ್ಲ. ಇಲ್ಲಿ ಬರೆದದ್ದು ಹೀಗೆ: ಮೊದಲ ತುಂಡು ಮೇಜಿಗೆ ಬಂದ 25 ನಿಮಿಷದೊಳಗೆ ಸಹಿ ಅಥವಾ ತಿರಸ್ಕಾರದ ಕಾರಣ ಬರಬೇಕು. ಹೆಚ್ಚು ಹೊತ್ತು ಬೇಕಾದರೆ ಇನ್ಸ್‌ಪೆಕ್ಟರ್ ತಾನೇ ಯಂತ್ರದ ಬಳಿಗೆ ಹೋಗಿ ಸೂಪರ್‌ವೈಸರ್‌ಗೆ ಹೇಳಬೇಕು, ಹೆಲ್ಪರ್ ಕೈಯಲ್ಲಿ ಹೇಳಿಸುವಂತಿಲ್ಲ. ಸಹಿಯಿಲ್ಲದೆ ಯಂತ್ರ ಓಡುವುದಿಲ್ಲ. ಟೂಲ್ ಬಗ್ಗೆ ಬಾಯಲ್ಲಿ ಹೇಳಿದ್ದನ್ನು ಪಾಳಿ ಪುಸ್ತಕದಲ್ಲಿ ಒಂದು ಸಾಲು ಬರೆದು ಇಬ್ಬರೂ ಗುರುತು ಹಾಕಬೇಕು. ಇತರರ ಮುಂದೆ ಇಬ್ಬರೂ ಬಹುವಚನದಲ್ಲೇ ಮಾತಾಡಬೇಕು. ತಕರಾರಿದ್ದರೆ ಯಂತ್ರದ ಬಳಿ ಎತ್ತದೆ, ಅದೇ ಪಾಳಿ ಮುಗಿಯುವ ಮುನ್ನ ಕ್ವಾಲಿಟಿ ಕೋಣೆಯಲ್ಲಿ ಇಬ್ಬರೇ ಕುಳಿತು ಆಡಬೇಕು. ಕೆಳಗೆ ಮ್ಯಾನೇಜರ್ ಪಾಲಿನ ಎರಡು ಸಾಲುಗಳು, ಅವರ ಸಹಿಯೊಂದಿಗೆ. ತಂಡಕ್ಕೆ ಏನು ಹೇಳುವುದು ಎಂಬುದನ್ನೂ ಆಗಲೇ ತೀರ್ಮಾನಿಸಬೇಕು, ಇಲ್ಲದಿದ್ದರೆ ಸೋತವರು ಯಾರು ಎಂಬ ಕಥೆಯನ್ನು ಕ್ಯಾಂಟೀನ್ ತಾನೇ ಕಟ್ಟುತ್ತದೆ.

ಆಮೇಲೆ

ಮಧ್ಯಸ್ಥಿಕೆಗಳು ಹೆಚ್ಚಾಗಿ ಸೋಲುವುದು ಸಭೆಯಲ್ಲಲ್ಲ, ಅದಾದ ಮೂರನೆಯ ವಾರದಲ್ಲಿ. ಮೊದಲೆರಡು ವಾರ ಇಬ್ಬರೂ ಎಚ್ಚರವಾಗಿರುತ್ತಾರೆ. ಆಮೇಲೆ ಒತ್ತಡದ ದಿನವೊಂದು ಬರುತ್ತದೆ, ಹಳೆಯ ಮಾತು ಬಾಯಿ ತಪ್ಪಿ ಬೀಳುತ್ತದೆ, ‘ನೋಡಿದ್ರಾ, ನಾನು ಹೇಳಿರಲಿಲ್ವಾ’ ಎಂಬಲ್ಲಿಗೆ ಎಲ್ಲ ಮುಗಿಯುತ್ತದೆ. ಈ ಮೊದಲ ತಪ್ಪು ಬಂದೇ ಬರುತ್ತದೆ ಎಂದು ಸಭೆಯಲ್ಲೇ ಹೇಳಿ, ಬಂದಾಗ ಯಾರು ಯಾರಿಗೆ ಹೇಳಬೇಕೆಂದು ಗೊತ್ತುಮಾಡಿದ್ದರೆ ಅದು ತಪ್ಪಾಗಿಯೇ ಉಳಿಯುತ್ತದೆ, ದ್ರೋಹವಾಗುವುದಿಲ್ಲ. ಎರಡು ವಾರಕ್ಕೆ, ಆರು ವಾರಕ್ಕೆ, ಮೂರು ತಿಂಗಳಿಗೆ ಒಂದೊಂದು ಸಲ ಮರುಭೇಟಿ ಇಟ್ಟುಕೊಂಡರೆ ಸಾಕು. ಮೊದಲೆರಡು 15 ನಿಮಿಷದವಾದರೂ ನಡೆದೀತು.

ಸುಳ್ಳು ಶಾಂತಿಯನ್ನು ಗುರುತಿಸುವುದು ಕಷ್ಟವಲ್ಲ. ಇಬ್ಬರೂ ಅತಿ ವಿನಯದಿಂದ, ಬರವಣಿಗೆಯಲ್ಲೇ ವ್ಯವಹರಿಸುತ್ತಿದ್ದರೆ, ಪ್ರತಿ ಸಂದೇಶಕ್ಕೂ ಮೇಲಧಿಕಾರಿಗೆ ಪ್ರತಿ ಹೋಗುತ್ತಲೇ ಇದ್ದರೆ, ಹೆಲ್ಪರ್ ಹುಡುಗ ಇನ್ನೂ ಓಡಾಡುತ್ತಿದ್ದರೆ ಏನೂ ಬದಲಾಗಿಲ್ಲ. ಅದಕ್ಕೆ ವಿರುದ್ಧವಾಗಿ ಇಬ್ಬರೂ ಯಂತ್ರದ ಬಳಿ ಒಂದು ಅಳತೆಯ ಬಗ್ಗೆ ದನಿಯೇರಿಸಿ ವಾದಿಸಿ, ಹತ್ತು ನಿಮಿಷದಲ್ಲಿ ಯಾವುದೋ ಒಂದನ್ನು ಒಪ್ಪಿ ಕೆಲಸಕ್ಕೆ ತಿರುಗಿದರೆ ಗಾಬರಿಪಡಬೇಕಿಲ್ಲ. ರಿಜಿಸ್ಟರಿನಲ್ಲಿ 50 ನಿಮಿಷ 25ರ ಒಳಗೆ ಬಂದಿದೆಯೇ, ಸಹಿಗೆ ಮುಂಚೆ ಟ್ರೇ ಖಾಲಿಯಿದೆಯೇ ಎಂಬುದೇ ಕೊನೆಯ ಸಾಕ್ಷಿ.

ಎಲ್ಲ ಮಾಡಿಯೂ ಆಗದಿದ್ದರೆ ಇಬ್ಬರನ್ನು ಬೇರೆ ಮಾಡುವುದು ಸೋಲೇನಲ್ಲ, ಕೆಲಸಗಳು ನಿಜಕ್ಕೂ ಬೇರೆಯಾಗುವಂತಿದ್ದರೆ. ಒಬ್ಬರ ಕೆಲಸದ ಫಲ ಇನ್ನೊಬ್ಬರ ಕೈಗೆ ಹೋಗಲೇಬೇಕಾದಲ್ಲಿ ಮಾತ್ರ ಪಾಳಿ ಬದಲಾವಣೆ ಜಗಳವನ್ನು ಪಾಳಿ ಬದಲಾಗುವ ಹೊತ್ತಿಗೆ ಸರಿಸುತ್ತದೆ, ಅಷ್ಟೇ. ಬೇರೆ ಮಾಡುವಾಗ ಯಾರು ಸರಿಯಬೇಕು ಎಂಬುದು ಕೆಲಸದ ಅಗತ್ಯದಿಂದ ತೀರ್ಮಾನವಾಗಬೇಕು. ದೂರು ಕೊಟ್ಟವರನ್ನೇ ಎತ್ತಿ ಬೇರೆ ಕಡೆ ಹಾಕಿದರೆ ಮುಂದೆ ಆ ಘಟಕದಲ್ಲಿ ಯಾರೂ ದೂರು ಕೊಡುವುದಿಲ್ಲ. ಇನ್ನು ಮೇಲಿನವರು ತಮ್ಮ ಪಾಲನ್ನು ನೆರವೇರಿಸಿದ ಮೇಲೂ, ಸಹಿ ಹಾಕಿದ ಒಪ್ಪಂದವನ್ನು ಒಬ್ಬರು ಮತ್ತೆ ಮತ್ತೆ ಮುರಿಯುತ್ತಿದ್ದರೆ ಅದು ಇಬ್ಬರ ಜಗಳವಲ್ಲ. ಅದು ಒಬ್ಬರ ಶಿಸ್ತಿನ ವಿಷಯ, ಅದನ್ನು ಮ್ಯಾನೇಜರ್ ಹಾಗೆಯೇ ನಡೆಸಬೇಕು. ಮತ್ತೊಂದು ಸಂಧಾನ ಸಭೆ ಕರೆಯಬಾರದು.